ಮುಖ ಬಿಡಿ, ದೃಶ್ಯ ನೋಡಿ: ಸಿನಿಮಾ ಸ್ಟಿಲ್‌ನಲ್ಲಿ ಯಾರದು ಯಾವ ಪಾತ್ರ ಎಂದು ಪತ್ತೆ ಮಾಡುವ ಬಗೆ

ಹಳೆಯ ಸಿನಿಮಾ ಫೋಟೊ ಒಂದನ್ನು ಮುಂದಿಟ್ಟು 'ಇವರು ಇದರಲ್ಲಿ ಯಾವ ಪಾತ್ರ ಮಾಡಿದ್ದಾರೆ?' ಎಂದು ಕೇಳುವ ಓದುಗರು ತುಂಬಾ ಜನ. ಉತ್ತರ ಹುಡುಕಲು ಹೆಚ್ಚಿನವರು ಮೊದಲು ಮಾಡುವ ಕೆಲಸ ಮುಖವನ್ನು ದಿಟ್ಟಿಸುವುದು. ಎಡವುವುದೂ ಅಲ್ಲೇ. ಮುಖ ಗುರುತಾದರೂ ಅದರಿಂದ ಸಿಗುವುದು ನಟನ ಹೆಸರು ಮಾತ್ರ. ಪಾತ್ರದ ಹೆಸರು ಇರುವುದು ಕಥೆಯಲ್ಲಿ. 1978ರ 'ಶಂಕರ್ ಗುರು' ಚಿತ್ರದ ಸ್ಟಿಲ್ ಒಂದನ್ನು ತೆಗೆದುಕೊಳ್ಳಿ. ಅದರಲ್ಲಿರುವವರು ರಾಜ್‌ಕುಮಾರ್ ಎಂದು ಎಳೆಯ ಮಕ್ಕಳೂ ಹೇಳುತ್ತಾರೆ. ಆದರೆ ಆ ಚಿತ್ರದಲ್ಲಿ ಅವರದು ಮೂರು ಪಾತ್ರ: ತಂದೆ ರಾಜಶೇಖರ್, ಅವಳಿ ಮಕ್ಕಳಾದ ಶಂಕರ್ ಮತ್ತು ಗುರು. ಮೂವರದ್ದೂ ಒಂದೇ ಮುಖ. ಅಲ್ಲಿ ನಿಮ್ಮ ಕೈಹಿಡಿಯುವುದು ಬಟ್ಟೆ, ಜಾಗ, ಪಕ್ಕದಲ್ಲಿ ನಿಂತವರು ಮತ್ತು ಪಾತ್ರವರ್ಗದ ಪಟ್ಟಿ.

ಅಷ್ಟು ಹೆಸರಿಲ್ಲದ ಪೋಷಕ ನಟರ ವಿಷಯಕ್ಕೆ ಬಂದರೆ ಮುಖ ನೋಡಿ ಹೆಸರು ಹೇಳುವುದು ಬರೀ ಊಹೆ. ಗಡ್ಡ, ವಿಗ್ಗು, ವಯಸ್ಸಾದಂತೆ ಮಾಡಿದ ಮೇಕಪ್ಪು, ಐವತ್ತು ವರ್ಷ ಹಳೆಯ ಪ್ರಿಂಟಿನ ಮಸುಕು ಎಲ್ಲ ಸೇರಿ ಎಂಥವರನ್ನೂ ದಾರಿ ತಪ್ಪಿಸುತ್ತವೆ. ಹಾಗಾಗಿ ಕೆಳಗಿನ ಕ್ರಮದಲ್ಲಿ ಮುಖ ಎಲ್ಲೂ ಸಾಕ್ಷಿಯಾಗಿ ಬರುವುದಿಲ್ಲ.

ಉದಾಹರಣೆಗೆ ಪುಟ್ಟಣ್ಣ ಕಣಗಾಲ್ ನಿರ್ದೇಶನದ 'ನಾಗರಹಾವು' (1972) ಚಿತ್ರವನ್ನು ಆರಿಸಿಕೊಂಡಿದ್ದೇವೆ. ಹೆಚ್ಚಿನವರು ನೋಡಿರುವ ಚಿತ್ರ, ಪಾತ್ರಗಳ ಹೆಸರು ಬಾಯಲ್ಲೇ ಇವೆ. ಆದರೂ ಅದರ ಸ್ಟಿಲ್‌ಗಳಲ್ಲಿ ತಪ್ಪುವುದು ಸುಲಭ.

ಬೇಕಾದದ್ದು ಇಷ್ಟೇ: ಸ್ಟಿಲ್‌ನ ಆದಷ್ಟು ದೊಡ್ಡ ಪ್ರತಿ (ಮೂಲ ಪ್ರಿಂಟ್ ಇದ್ದರೆ ಅದರ ಹಿಂಬದಿಯ ಫೋಟೊ ಕೂಡ), ಚಿತ್ರದ ಪೂರ್ತಿ ಪ್ರತಿ, ಸಿಕ್ಕರೆ ಚಿತ್ರದ ಹಾಡಿನ ಪುಸ್ತಕ, ಒಂದು ನೋಟ್‌ಬುಕ್.

1. ಕೈಯಲ್ಲಿರುವುದು ಎಂಥ ಫೋಟೊ ಎಂದು ತಿಳಿಯಿರಿ

ಸ್ಟಿಲ್ ಎಂದರೆ ಸಿನಿಮಾ ರೀಲಿನಿಂದ ಕತ್ತರಿಸಿ ತೆಗೆದ ಚೌಕಟ್ಟು ಎಂದು ಬಹಳ ಮಂದಿ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ಶೂಟಿಂಗ್ ಜಾಗದಲ್ಲಿ ಸ್ಟಿಲ್ ಫೋಟೊಗ್ರಾಫರ್ ಎಂಬ ಬೇರೊಬ್ಬರು ತಮ್ಮದೇ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಅದು. ಶಾಟ್ ಮುಗಿದ ಮೇಲೆ ಕಲಾವಿದರನ್ನು ಅದೇ ಭಂಗಿಯಲ್ಲಿ ಇನ್ನೊಮ್ಮೆ ನಿಲ್ಲಿಸಿ ತೆಗೆಯುವುದೂ ಉಂಟು. ಆದ್ದರಿಂದ ಸ್ಟಿಲ್‌ನ ಕೋನ ಚಿತ್ರದಲ್ಲಿರುವ ಯಾವ ಶಾಟಿಗೂ ತಾಳೆಯಾಗದಿರಬಹುದು. 'ಚಿತ್ರದಲ್ಲಿ ಈ ಕೋನವೇ ಇಲ್ಲ, ಹಾಗಾಗಿ ಇದು ಈ ಚಿತ್ರದ್ದಲ್ಲ' ಎಂದು ತೀರ್ಮಾನಿಸಬೇಡಿ.

ಇನ್ನೆರಡು ಬಗೆಯನ್ನು ಬೇರೆ ಇಡಿ. ಕ್ಯಾಮೆರಾ, ಲೈಟು, ನಿರ್ದೇಶಕ ಎಲ್ಲ ಕಾಣುವಂಥದ್ದು ವರ್ಕಿಂಗ್ ಸ್ಟಿಲ್, ಅಂದರೆ ಚಿತ್ರೀಕರಣದ ಹೊತ್ತಿನ ಫೋಟೊ. ಅದರಲ್ಲಿ ಇರುವವರೆಲ್ಲ ಪಾತ್ರಧಾರಿಗಳಲ್ಲ. ಮತ್ತೊಂದು ಪ್ರಚಾರದ ಫೋಟೊ. ನಾಯಕ, ನಾಯಕಿ, ಖಳ ಎಲ್ಲರೂ ಒಟ್ಟಿಗೆ ನಗುತ್ತಾ ನಿಂತಿರುತ್ತಾರೆ, ಕಥೆಯಲ್ಲಿ ಅಂಥ ಸನ್ನಿವೇಶವೇ ಇರುವುದಿಲ್ಲ. ಇದರಲ್ಲಿ ಬಟ್ಟೆಯನ್ನಷ್ಟೇ ನಂಬಬಹುದು. ಯಾರ ಪಕ್ಕ ಯಾರು ನಿಂತಿದ್ದಾರೆ ಎಂಬುದಕ್ಕೆ ಬೆಲೆಯಿಲ್ಲ.

ಬಣ್ಣವನ್ನೂ ನಂಬಬೇಡಿ. 'ನಾಗರಹಾವು' ವರ್ಣಚಿತ್ರ. ಆದರೆ ಆ ಕಾಲದ ಪತ್ರಿಕೆಗಳು ಕಪ್ಪು ಬಿಳುಪಿನಲ್ಲಿ ಅಚ್ಚಾಗುತ್ತಿದ್ದುದರಿಂದ ವರ್ಣಚಿತ್ರಗಳಿಗೂ ಕಪ್ಪು ಬಿಳುಪಿನ ಸ್ಟಿಲ್‌ಗಳನ್ನು ಹಂಚುತ್ತಿದ್ದರು. ಟಾಕೀಸಿನ ಗಾಜಿನ ಪೆಟ್ಟಿಗೆಯೊಳಗೆ ಅಂಟಿಸುತ್ತಿದ್ದ ಫೋಟೊಗಳಿಗೆ ಕೈಯಲ್ಲಿ ಬಣ್ಣ ಹಚ್ಚಿದ್ದರೆ, ಫೋಟೊದಲ್ಲಿ ಕೆಂಪಾಗಿ ಕಾಣುವ ಸೀರೆ ಚಿತ್ರದಲ್ಲಿ ಹಸಿರಾಗಿರಲೂ ಸಾಕು. ಅಂಚು, ಚೌಕಳಿ, ಹೂವಿನ ವಿನ್ಯಾಸ ಮಾತ್ರ ಬದಲಾಗುವುದಿಲ್ಲ. ಅವನ್ನೇ ಗುರುತು ಮಾಡಿಕೊಳ್ಳಿ.

2. ಫೋಟೊ ತಿರುಗುಮುರುಗಾಗಿದೆಯೇ ನೋಡಿ

ನೆಗೆಟಿವನ್ನು ಮಗುಚಿ ಹಾಕಿ ಪ್ರಿಂಟ್ ತೆಗೆದರೆ ಎಡ ಬಲವಾಗುತ್ತದೆ. ಹಳೆಯ ಪತ್ರಿಕೆ, ಪೋಸ್ಟರುಗಳಲ್ಲಿ ಇದು ಅಪರೂಪವಲ್ಲ. ಇದನ್ನು ನೋಡದೆ ಮುಂದೆ ಹೋದರೆ 'ಚಿತ್ರದಲ್ಲಿ ಅವನು ಎಡಗಡೆ ನಿಂತಿದ್ದಾನೆ, ಇಲ್ಲಿ ಬಲಗಡೆ' ಎಂದು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಫೋಟೊದಲ್ಲಿ ಬೋರ್ಡು, ಗೋಡೆಬರಹ, ಕ್ಯಾಲೆಂಡರ್ ಇದ್ದರೆ ಅಕ್ಷರವೇ ಹೇಳಿಬಿಡುತ್ತದೆ. ಇಲ್ಲದಿದ್ದರೆ ಗಂಡಸರ ಅಂಗಿ ನೋಡಿ: ಗುಂಡಿಯ ಪಟ್ಟಿಯಲ್ಲಿ ತೊಟ್ಟವರ ಎಡಭಾಗ ಮೇಲೆ ಬರಬೇಕು, ಜೇಬು ಅವರ ಎಡಕ್ಕಿರಬೇಕು. ಸೆರಗು ಸಾಮಾನ್ಯವಾಗಿ ಎಡ ಹೆಗಲ ಮೇಲೆ. ಆದರೆ ಇದೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಉತ್ತರ ಕರ್ನಾಟಕದ ಕಡೆ ಬಲಸೆರಗು ಹೊದೆಯುವ ರೂಢಿಯಿದೆ, ಕೊಡವರ ಸೀರೆಯಲ್ಲೂ ಸೆರಗು ಬಲ ಹೆಗಲಿಗೇ ಬರುತ್ತದೆ. ಜನಿವಾರ ಎಡ ಹೆಗಲಿನಿಂದ ಬಲ ಸೊಂಟಕ್ಕೆ ಇಳಿಯಬೇಕು. ಬಲ ಹೆಗಲ ಮೇಲಿದ್ದರೆ ಒಂದೋ ಪ್ರಿಂಟ್ ತಿರುಗಿದೆ, ಇಲ್ಲವೇ ಅದು ತಿಥಿ ಅಥವಾ ಉತ್ತರಕ್ರಿಯೆಯ ದೃಶ್ಯ. ಎರಡನೆಯದಾದರೆ ಅದಕ್ಕಿಂತ ಒಳ್ಳೆಯ ಸುಳಿವು ಬೇರೆ ಬೇಡ. ಸತ್ತವರು ಯಾರು, ಕರ್ಮ ಮಾಡುವವರು ಯಾರು ಎಂದು ಕಥೆಯೇ ಹೇಳುತ್ತದೆ.

3. ಪಾತ್ರವರ್ಗದ ಪಟ್ಟಿ ಕಟ್ಟಿಕೊಳ್ಳಿ

ಕನ್ನಡ ಚಿತ್ರಗಳಿಗೆ ಇದು ಸ್ವಲ್ಪ ಕಷ್ಟದ ಭಾಗ. ಹಳೆಯ ಚಿತ್ರಗಳ ಟೈಟಲ್ ಕಾರ್ಡುಗಳಲ್ಲಿ ಹೆಚ್ಚಾಗಿ ನಟರ ಹೆಸರಷ್ಟೇ ಸಾಲಾಗಿ ಬರುತ್ತದೆ. ಯಾರು ಯಾವ ಪಾತ್ರ ಎಂದು ಬರೆದಿರುವುದಿಲ್ಲ. ಅಂತರ್ಜಾಲದ ಪಟ್ಟಿಗಳಲ್ಲಿ ಪಾತ್ರದ ಹೆಸರು ಇರುತ್ತದೆ, ಆದರೆ ಅವು ಸಿನಿಮಾ ಪ್ರಿಯರು ತುಂಬಿಸಿದವು. ಒಂದು ಕಡೆಯ ತಪ್ಪು ಹತ್ತು ಕಡೆಗೆ ನಕಲಾಗಿರುತ್ತದೆ. ಹತ್ತು ಜಾಲತಾಣಗಳು ಒಂದೇ ಮಾತು ಹೇಳಿದರೆ ಹತ್ತು ಸಾಕ್ಷಿ ಸಿಕ್ಕವು ಎಂದು ತಿಳಿಯಬೇಡಿ.

ಹಾಡಿನ ಪುಸ್ತಕ ಸಿಕ್ಕರೆ ಬಿಡಬೇಡಿ. ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಆ ತೆಳು ಪುಸ್ತಕಗಳಲ್ಲಿ ಕಥಾಸಾರಾಂಶವೂ, ಕೆಲವೊಮ್ಮೆ ಪಾತ್ರವರ್ಗವೂ ಇರುತ್ತದೆ. ಸಾರಾಂಶ ಕೊನೆಯಲ್ಲಿ 'ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ' ಎಂದು ಕೈಕೊಡುತ್ತದೆ, ನಿಜ. ಆದರೆ ಯಾರು ಯಾರಿಗೆ ಏನಾಗಬೇಕು ಎಂಬುದು ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಈಗ ಪಟ್ಟಿ ಬರೆಯಿರಿ. ಹೆಸರಿನ ಜೊತೆ ನಂಟನ್ನೂ ಬರೆದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. 'ನಾಗರಹಾವು' ಚಿತ್ರಕ್ಕೆ ಹೀಗೆ:

ರಾಮಾಚಾರಿ (ವಿಷ್ಣುವರ್ಧನ್) – ಸಿಡುಕಿನ ಕಾಲೇಜು ಹುಡುಗ
ಚಾಮಯ್ಯ ಮೇಷ್ಟ್ರು (ಕೆ.ಎಸ್. ಅಶ್ವಥ್) – ರಾಮಾಚಾರಿ ಮಣಿಯುವ ಗುರು
ತುಂಗಾ (ಲೀಲಾವತಿ) – ಮೇಷ್ಟ್ರ ಹೆಂಡತಿ
ಅಲಮೇಲು (ಆರತಿ) – ರಾಮಾಚಾರಿಯ ಮೊದಲ ಪ್ರೀತಿ
ವರದ (ಶಿವರಾಂ) – ಅಲಮೇಲುವಿನ ಅಣ್ಣ, ರಾಮಾಚಾರಿಯ ಗೆಳೆಯ
ಮಾರ್ಗರೇಟ್ (ಶುಭಾ) – ಆಮೇಲೆ ಬರುವ ಕ್ರೈಸ್ತ ಹುಡುಗಿ
ಜಲೀಲ (ಅಂಬರೀಷ್) – ಅಲಮೇಲುವನ್ನು ಕಾಡುವ ಪುಂಡ
ಓಬವ್ವ (ಜಯಂತಿ) – ಒಂದು ಹಾಡಿನಲ್ಲಿ ಮಾತ್ರ

ಪಟ್ಟಿಯ ಹೆಸರುಗಳಲ್ಲಿ ಎರಡು ಗೊಂದಲ ಮತ್ತೆ ಮತ್ತೆ ಬರುತ್ತವೆ. ಒಂದು, ಒಂದೇ ಹೆಸರಿನ ಇಬ್ಬರು. ಎಂ.ಎನ್. ಲಕ್ಷ್ಮೀದೇವಿ ಬೇರೆ, ಆದವಾನಿ ಲಕ್ಷ್ಮೀದೇವಿ ಬೇರೆ. ಇಬ್ಬರೂ ಒಂದೇ ಕಾಲದಲ್ಲಿ ಪೋಷಕ ಪಾತ್ರ ಮಾಡಿದವರು. ಬರೀ 'ಲಕ್ಷ್ಮೀದೇವಿ' ಎಂದಿದ್ದರೆ ಇನಿಷಿಯಲ್ ಸಿಗುವವರೆಗೆ ಜಾಗ ಖಾಲಿ ಬಿಡಿ. ಇನ್ನೊಂದು, ಹೆಸರು ಬದಲಿಸಿಕೊಂಡವರು. ವಿಷ್ಣುವರ್ಧನ್ ಮೊದಲು ಸಂಪತ್ ಕುಮಾರ್, ಅಂಬರೀಷ್ ಮೊದಲು ಅಮರನಾಥ್, ರಾಜ್‌ಕುಮಾರ್ 1954ರ 'ಬೇಡರ ಕಣ್ಣಪ್ಪ'ಕ್ಕೆ ಮುಂಚೆ ಮುತ್ತುರಾಜ್. ಹೊಸ ಹೆಸರು ಹುಡುಕಿಕೊಂಡು ಹಳೆಯ ಪಟ್ಟಿಗೆ ಹೋದರೆ ಅಲ್ಲಿ ಯಾರೂ ಸಿಗುವುದಿಲ್ಲ.

ಕಾದಂಬರಿ ಆಧಾರಿತ ಚಿತ್ರವಾದರೆ ಕಾದಂಬರಿಯನ್ನೂ ನೋಡಬಹುದು, ಆದರೆ ಎಚ್ಚರ. ತ.ರಾ. ಸುಬ್ಬರಾಯರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಈ ಒಂದು ಚಿತ್ರ ಮಾಡಿದ್ದಾರೆ. ಅಲ್ಲಿರುವ ಸನ್ನಿವೇಶವೆಲ್ಲ ಇಲ್ಲಿಲ್ಲ. ಪಾತ್ರಗಳ ನಂಟು ತಿಳಿಯಲಷ್ಟೇ ಅದನ್ನು ಬಳಸಿ.

4. ಫೋಟೊವನ್ನು ಓದಿ, ಕಂಡದ್ದನ್ನಷ್ಟೇ ಬರೆಯಿರಿ

ಒಂದು ಸ್ಟಿಲ್ ಹೀಗಿದೆ ಎಂದಿಟ್ಟುಕೊಳ್ಳಿ. ಕಪ್ಪು ಬಿಳುಪು. ಹಿಂದೆ ದೊಡ್ಡ ಬಂಡೆ, ಅದರಾಚೆ ಕೋಟೆಗೋಡೆಯ ತುದಿ. ಸೈಕಲ್ ಹಿಡಿದ ಯುವಕ ದಾರಿಗೆ ಅಡ್ಡ ನಿಂತಿದ್ದಾನೆ. ಎದೆಗೆ ಪುಸ್ತಕ ಅವಚಿಕೊಂಡ ಹುಡುಗಿ ಮುಖ ತಿರುಗಿಸಿ, ಒಂದು ಕಾಲು ಮುಂದಿಟ್ಟಿದ್ದಾಳೆ.

ನೋಟ್‌ಬುಕ್ಕಿನಲ್ಲಿ 'ರಾಮಾಚಾರಿ ಮತ್ತು ಅಲಮೇಲು' ಎಂದು ಬರೆಯುವ ಆತುರ ಬೇಡ. 'ಯುವಕ 1: ಸೈಕಲ್, ಅಂಗಿಯ ಕಾಲರ್ ಅಗಲ, ತೋಳು ಮಡಚಿದೆ. ಯುವತಿ 1: ಪುಸ್ತಕ, ಉದ್ದ ಜಡೆ, ಸೀರೆಗೆ ಎರಡು ಗೆರೆಯ ಅಂಚು, ಕೊರಳಲ್ಲಿ ತಾಳಿ ಕಾಣುವುದಿಲ್ಲ' ಎಂದು ಬರೆಯಿರಿ. 'ತಾಳಿ ಇಲ್ಲ' ಅನ್ನುವುದಕ್ಕೂ 'ತಾಳಿ ಕಾಣುವುದಿಲ್ಲ' ಅನ್ನುವುದಕ್ಕೂ ಅಜಗಜಾಂತರ. ಸೆರಗಿನಡಿ ಇರಬಹುದಲ್ಲ.

ತಾಳಿ, ಕುಂಕುಮ, ಬಳೆ, ಹೂವು ಇವೆಲ್ಲ ಪಾತ್ರ ಯಾರು ಎಂಬುದಕ್ಕಿಂತ ಕಥೆ ಎಲ್ಲಿಗೆ ಬಂದಿದೆ ಎಂಬುದನ್ನು ಹೇಳುತ್ತವೆ. ಅಲಮೇಲು ಮೊದಲರ್ಧದಲ್ಲಿ ಮದುವೆಯಾಗದ ಹುಡುಗಿ. ಆಮೇಲೆ ಮದುವೆಯಾಗಿ, ಬಾಳು ಹಾಳಾಗಿ, ದೊಡ್ಡ ಹೋಟೆಲಿನಲ್ಲಿ ರಾಮಾಚಾರಿಗೆ ಎದುರಾಗುತ್ತಾಳೆ. ಒಬ್ಬಳೇ ಪಾತ್ರ, ಆದರೆ ಎರಡು ಸ್ಟಿಲ್‌ಗಳನ್ನು ಪಕ್ಕಪಕ್ಕ ಇಟ್ಟರೆ ಎರಡು ಪಾತ್ರ ಎನಿಸುವಷ್ಟು ಬೇರೆ ಬೇರೆ ವೇಷ.

ಇನ್ನು ನಿಲುವು. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಯಾರು ಕೈ ಕಟ್ಟಿದ್ದಾರೆ, ಯಾರು ಚಪ್ಪಲಿ ಹಾಕಿಲ್ಲ ಎಂಬುದನ್ನು ಬಿಡದೆ ಬರೆಯಿರಿ. ನಮ್ಮ ಚಿತ್ರಗಳಲ್ಲಿ ಮೇಷ್ಟ್ರು, ಶಿಷ್ಯ, ಒಡೆಯ, ಆಳು, ಮಾವ, ಅಳಿಯ ಎಂಬ ಸಂಬಂಧಗಳು ಹೆಚ್ಚಾಗಿ ನಿಲುವಿನಲ್ಲೇ ತಿಳಿಯುತ್ತವೆ.

5. ಪಟ್ಟಿಯಿಂದ ಒಬ್ಬೊಬ್ಬರನ್ನೇ ಹೊಡೆದುಹಾಕಿ

ನಮ್ಮ ಉದಾಹರಣೆಗೇ ಬರೋಣ. ಹುಡುಗಿಯ ಕೈಯಲ್ಲಿ ಪುಸ್ತಕವಿದೆ. ಆ ವಯಸ್ಸಿನವರು ಪಟ್ಟಿಯಲ್ಲಿ ಇಬ್ಬರು, ಅಲಮೇಲು ಮತ್ತು ಮಾರ್ಗರೇಟ್. ಯುವಕರು ಮೂವರು: ರಾಮಾಚಾರಿ, ವರದ, ಜಲೀಲ.

ಹುಡುಗಿ ತಪ್ಪಿಸಿಕೊಂಡು ಹೋಗುವ ಭಂಗಿಯಲ್ಲಿದ್ದಾಳೆ, ಯುವಕ ದಾರಿ ಕಟ್ಟಿದ್ದಾನೆ. ಅವನು ಅಣ್ಣನಾಗಿರುವುದು ಕಷ್ಟ, ಹಾಗಾಗಿ ವರದ ದೂರವಾಗುತ್ತಾನೆ. ಕಥೆಯಲ್ಲಿ ಅಲಮೇಲುವಿನ ಬೆನ್ನುಬಿದ್ದು ಕಾಡುವವನು ಜಲೀಲ. ಅವನ ಕಾಟ ತಪ್ಪಿಸಲು ವರದ ರಾಮಾಚಾರಿಯ ಸಹಾಯ ಕೇಳುತ್ತಾನೆ. 'ಬುಲ್ ಬುಲ್ ಮಾತಾಡಕಿಲ್ವಾ' ಎನ್ನುತ್ತಾ ಸೈಕಲ್‌ನಲ್ಲಿ ಬರುವವನೂ ಜಲೀಲನೇ. ಸೈಕಲ್, ಅಡ್ಡ ನಿಂತ ದಾರಿ, ತಿರುಗಿಸಿದ ಮುಖ ಮೂರೂ ಜಲೀಲ ಮತ್ತು ಅಲಮೇಲುವಿನ ಕಡೆಗೆ ಬೆರಳು ತೋರಿಸುತ್ತವೆ.

ಆದರೆ ಇದು ಇನ್ನೂ ಅನುಮಾನವೇ. ರಾಮಾಚಾರಿಯೂ ಸಿಡುಕ, ಅವನಿಗೂ ಹುಡುಗಿಯರ ಜೊತೆ ಜಗಳವಿದೆ. ಈ ಹಂತದಲ್ಲಿ 'ಜಲೀಲ?' ಎಂದು ಪ್ರಶ್ನಾರ್ಥಕ ಹಾಕಿ ಬಿಡಿ.

ಓಬವ್ವನ ಸ್ಟಿಲ್ ಬೇರೆಯದೇ ಸಮಸ್ಯೆ. ಬಂಡೆಯ ಕಿಂಡಿಯ ಬಳಿ ಒನಕೆ ಎತ್ತಿದ ಹೆಂಗಸು, ನುಸುಳಿ ಬರುವ ಸೈನಿಕ. ಕಾಲೇಜು ಹುಡುಗರ ಕಥೆಯಲ್ಲಿ ಇವರೆಲ್ಲಿಂದ ಬಂದರು ಎಂದು ಕೆಲವರು ಇದನ್ನು ಯಾವುದೋ ಐತಿಹಾಸಿಕ ಚಿತ್ರದ ಕಡತಕ್ಕೆ ಸೇರಿಸುತ್ತಾರೆ. ಅದು 'ಕನ್ನಡ ನಾಡಿನ ವೀರ ರಮಣಿಯ' ಹಾಡಿನ ಭಾಗ. ಹಾಡು, ಕನಸು, ನಾಟಕದೊಳಗಿನ ನಾಟಕ ಇವುಗಳಲ್ಲಿ ಕಾಲವೂ ವೇಷವೂ ಹಠಾತ್ತನೆ ಬದಲಾಗುತ್ತವೆ. ವೇಷ ಕಥೆಗೆ ಹೊಂದದಿದ್ದರೆ ಚಿತ್ರವನ್ನೇ ಬದಲಿಸುವ ಮುಂಚೆ ಹಾಡುಗಳನ್ನು ನೋಡಿ.

6. ಚಿತ್ರ ಹಾಕಿ, ದೃಶ್ಯ ಹಿಡಿಯಿರಿ

ಶಬ್ದ ಇಟ್ಟುಕೊಂಡೇ ನೋಡಿ. ನಿಮಗೆ ಬೇಕಾದದ್ದು ಎರಡು: ಆ ಬಟ್ಟೆ ಬರುವ ದೃಶ್ಯ, ಮತ್ತು ಆ ಬಟ್ಟೆಯಲ್ಲಿರುವವನನ್ನು ಯಾರಾದರೂ ಹೆಸರು ಹಿಡಿದು ಕರೆಯುವ ಕ್ಷಣ. ಎರಡಕ್ಕೂ ಗಂಟೆ, ನಿಮಿಷ, ಸೆಕೆಂಡ್ ಬರೆದುಕೊಳ್ಳಿ. ಹೆಸರು ಕರೆಯುವುದು ಅದೇ ದೃಶ್ಯದಲ್ಲಿ ಆಗಬೇಕೆಂದಿಲ್ಲ. ಆದರೆ ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ವ್ಯಕ್ತಿ ಅವನೇ ಎಂಬುದನ್ನು ಬಟ್ಟೆಯಿಂದಲೋ ಕಥೆಯ ಓಟದಿಂದಲೋ ತೋರಿಸಲು ಆಗಬೇಕು.

ದೃಶ್ಯ ಸಿಕ್ಕಿತು ಎನ್ನಲು ಜಾಗದ ಎರಡು ಗುರುತು, ಮೈಮೇಲಿನ ಎರಡು ಗುರುತು ತಾಳೆಯಾಗಲಿ. ಜಾಗದ್ದೆಂದರೆ ಬಂಡೆಯ ಬಿರುಕು, ಗೋಡೆಯ ತುದಿಯಂಥ ಕದಲದ ವಸ್ತು. ಮೈಮೇಲಿನದೆಂದರೆ ಸೀರೆಯ ಅಂಚು, ಅಂಗಿಯ ಚೌಕಳಿ. ಸೈಕಲ್, ಪುಸ್ತಕದಂಥ ಕೈಯ ವಸ್ತುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವು ಕೈಯಿಂದ ಕೈಗೆ ಹೋಗುತ್ತವೆ. ಡಿಜಿಟಲ್ ಪ್ರತಿಗಳಲ್ಲಿ ಪರದೆಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿರುವುದೂ ಇದೆ. ಸ್ಟಿಲ್‌ನಲ್ಲಿರುವ ಕೋಟೆಗೋಡೆ ಚಿತ್ರದಲ್ಲಿ ಕಾಣದಿದ್ದರೆ ಇನ್ನೊಂದು ಪ್ರತಿ ಹುಡುಕಿ.

7. ರೀಮೇಕ್ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ

ಮುಖ ನಂಬಿದವರು ಇಲ್ಲಿ ಕೆಡುತ್ತಾರೆ. ಪುಟ್ಟಣ್ಣನವರೇ 'ನಾಗರಹಾವು' ಕಥೆಯನ್ನು ಹಿಂದಿಯಲ್ಲಿ 'ಜಹರೀಲಾ ಇನ್ಸಾನ್' (1974) ಎಂದು ತೆಗೆದರು. ಅದಕ್ಕೂ ಚಿತ್ರದುರ್ಗದ ಕೋಟೆಯಲ್ಲಿ ಚಿತ್ರೀಕರಣ ನಡೆಯಿತು. ನಾಯಕ ರಿಷಿ ಕಪೂರ್, ಆದರೆ ಪುಂಡನ ಪಾತ್ರದಲ್ಲಿ ಅಲ್ಲೂ ಅಂಬರೀಷ್. ಅದೇ ನಿರ್ದೇಶಕ, ಅದೇ ಊರು, ಅದೇ ಬಗೆಯ ಬಂಡೆ, ಅದೇ ನಟ, ಅದೇ ಬಗೆಯ ಪಾತ್ರ. ನಮ್ಮ ಉದಾಹರಣೆಯ ಸ್ಟಿಲ್‌ನಲ್ಲಿ ನೀವು ಅಂಬರೀಷ್ ಮುಖ ಗುರುತು ಹಿಡಿದಿದ್ದರೂ ಚಿತ್ರ ಯಾವುದೆಂದು ತಿಳಿಯುತ್ತಿರಲಿಲ್ಲ. 'ಜಲೀಲ' ಎಂದು ಬರೆದು, ಅದು ಹಿಂದಿ ಚಿತ್ರದ್ದಾಗಿದ್ದರೆ ಪಾತ್ರದ ಹೆಸರೂ ತಪ್ಪಾಗಿಬಿಡಬಹುದಿತ್ತು.

ಇದನ್ನು ಬಿಡಿಸುವುದು ಹುಡುಗಿಯ ಸೀರೆಯ ಅಂಚು. ಹಿಂದಿ ಚಿತ್ರದ ಅದೇ ಸನ್ನಿವೇಶವನ್ನೂ ಹಾಕಿ ನೋಡಿ, ಬಟ್ಟೆ ಎರಡರಲ್ಲಿ ಒಂದಕ್ಕೆ ಮಾತ್ರ ತಾಳೆಯಾಗಬೇಕು. ಫೋಟೊದಲ್ಲಿ ಬೋರ್ಡು, ಪುಸ್ತಕದ ಹೊದಿಕೆ ಏನಾದರೂ ಇದ್ದರೆ ಲಿಪಿ ನೋಡಿ. ಪ್ರಿಂಟಿನ ಹಿಂಬದಿಯಲ್ಲಿ ನಿರ್ಮಾಣ ಸಂಸ್ಥೆಯ ಮೊಹರು ಇದ್ದರೆ ಇನ್ನೂ ಒಳ್ಳೆಯದು. ಕನ್ನಡದ್ದು ಎನ್. ವೀರಾಸ್ವಾಮಿಯವರ ಈಶ್ವರಿ ಸಂಸ್ಥೆಯ ಚಿತ್ರ. ಕೈಬರಹದಲ್ಲಿ ಬರೆದ ಚಿತ್ರದ ಹೆಸರು ಮಾತ್ರ ಯಾರೋ ಆಮೇಲೆ ಗೀಚಿದ್ದಿರಬಹುದು, ಅದನ್ನು ಸುಳಿವು ಎಂದಷ್ಟೇ ಇಟ್ಟುಕೊಳ್ಳಿ.

8. ದ್ವಿಪಾತ್ರ, ತ್ರಿಪಾತ್ರ ಇದ್ದಾಗ

'ಶಂಕರ್ ಗುರು' ಸ್ಟಿಲ್‌ನಲ್ಲಿ ರಾಜ್‌ಕುಮಾರ್ ಜೊತೆ ಯಾರಿದ್ದಾರೆ ನೋಡಿ. ಕಾಂಚನಾ ಅದರಲ್ಲಿ ರಾಜಶೇಖರ್‌ನ ಹೆಂಡತಿ, ಅಂದರೆ ಅವಳಿಗಳ ತಾಯಿ. ಆಕೆ ಯುವತಿಯ ವೇಷದಲ್ಲಿದ್ದರೆ ಪಕ್ಕದಲ್ಲಿರುವುದು ಗಂಡ. ವಯಸ್ಸಾದ ತಾಯಿಯ ವೇಷದಲ್ಲಿದ್ದು ಪಕ್ಕದಲ್ಲಿ ಯುವಕನಿದ್ದರೆ ಮಗ. ಯಾವ ಮಗ ಎಂಬುದು ಆಕೆಯಿಂದ ತಿಳಿಯದು, ಅದಕ್ಕೆ ಮತ್ತೆ ಬಟ್ಟೆ ಹಿಡಿದು ದೃಶ್ಯ ಹುಡುಕಬೇಕು.

ಒಂದೇ ಫೋಟೊದಲ್ಲಿ ಒಬ್ಬರೇ ನಟ ಎರಡು ಕಡೆ ಇದ್ದರೆ ಇನ್ನೂ ಹುಷಾರಾಗಿರಿ. ಆ ಕಾಲದಲ್ಲಿ ಇಬ್ಬರನ್ನೂ ಒಟ್ಟಿಗೆ ತೋರಿಸಲು ಬಳಸುತ್ತಿದ್ದ ಉಪಾಯ ಮಾಸ್ಕ್ ಶಾಟ್. ಲೆನ್ಸಿನ ಅರ್ಧ ಮುಚ್ಚಿ ಒಮ್ಮೆ ತೆಗೆದು, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಮತ್ತೊಮ್ಮೆ ತೆಗೆಯುವುದು. ಪಕ್ಕದಲ್ಲಿ ನಿಂತ ಸ್ಟಿಲ್ ಫೋಟೊಗ್ರಾಫರ್‌ಗೆ ಆ ಹೊತ್ತಿನಲ್ಲಿ ಕಾಣುವುದು ಒಬ್ಬರೇ ನಟ. ಉಳಿದ ಶಾಟ್‌ಗಳಲ್ಲಿ ಎರಡನೆಯವರ ಜಾಗದಲ್ಲಿ ಬೆನ್ನು ತೋರಿಸಿ ನಿಲ್ಲುವುದು ಡ್ಯೂಪ್, ಅಂದರೆ ಅದೇ ಮೈಕಟ್ಟಿನ ಬದಲಿ ವ್ಯಕ್ತಿ. ಆದ್ದರಿಂದ ಎರಡೂ ಮುಖ ಸ್ಪಷ್ಟವಾಗಿ ಕಾಣುವ ಫೋಟೊ ಒಂದೋ ಸಿನಿಮಾ ರೀಲಿನಿಂದ ತೆಗೆದದ್ದು, ಇಲ್ಲವೇ ಎರಡು ಫೋಟೊ ಅಂಟಿಸಿದ್ದು. ಅಂಟಿಸಿದ್ದಾದರೆ ನೆರಳುಗಳ ದಿಕ್ಕು ಎಷ್ಟೋ ಸಲ ಹೊಂದುವುದಿಲ್ಲ. ಒಬ್ಬರದು ಬೆನ್ನು ಮಾತ್ರ ಕಾಣುತ್ತಿದ್ದರೆ ಆ ಬೆನ್ನಿಗೆ ಪಾತ್ರದ ಹೆಸರು ಬರೆಯಬಹುದು, ನಟನ ಹೆಸರು ಬರೆಯಬೇಡಿ.

9. ತೀರ್ಮಾನವನ್ನು ಕಾರಣ ಸಮೇತ ಬರೆದಿಡಿ

ಸ್ಟಿಲ್‌ನ ಕೆಳಗೆ ಬರೀ ಹೆಸರು ಬರೆದರೆ ಮುಂದೆ ನೋಡುವವರಿಗೆ ನೀವು ಊಹಿಸಿದಿರೋ ಹುಡುಕಿದಿರೋ ತಿಳಿಯುವುದಿಲ್ಲ. ಮೂರು ದರ್ಜೆ ಸಾಕು. ದೃಶ್ಯವೂ ಸಿಕ್ಕಿ, ಹೆಸರು ಕರೆದದ್ದೂ ಸಿಕ್ಕಿದ್ದರೆ 'ಖಚಿತ'. ದೃಶ್ಯ ಸಿಕ್ಕಿ, ಹೆಸರು ಪಟ್ಟಿಯಿಂದ ಬಂದದ್ದಾದರೆ 'ಬಹುತೇಕ'. ದೃಶ್ಯವೇ ಸಿಗದೆ ಬಟ್ಟೆ, ಭಂಗಿಯಿಂದ ತರ್ಕಿಸಿದ್ದಾದರೆ 'ಊಹೆ'. ನಮ್ಮ ಉದಾಹರಣೆಯ ದಾಖಲೆ ಹೀಗಿರಬಹುದು:

ಚಿತ್ರ: ನಾಗರಹಾವು (ಕನ್ನಡ, 1972)
ಎಡ: ಜಲೀಲ / ಅಂಬರೀಷ್ – ಬಹುತೇಕ
ಬಲ: ಅಲಮೇಲು / ಆರತಿ – ಖಚಿತ
ಆಧಾರ: ಸೀರೆಯ ಅಂಚು, ಅಂಗಿಯ ಕಾಲರ್, ಬಂಡೆಯ ಬಿರುಕು, ಗೋಡೆಯ ತುದಿ, ಹಿಂದಿ ಚಿತ್ರದೊಂದಿಗೆ ಹೋಲಿಸಿದೆ, ಬಟ್ಟೆ ಬೇರೆ
ದೃಶ್ಯದ ಸಮಯ: (ನೋಡಿದ ಪ್ರತಿ ಯಾವುದೆಂದೂ ಬರೆಯಿರಿ)

ಪ್ರತಿ ಯಾವುದೆಂದು ಬರೆಯಬೇಕಾದ್ದು ಏಕೆಂದರೆ ಟಿ.ವಿ.ಗೆ ಕತ್ತರಿಸಿದ ಪ್ರತಿಯಲ್ಲೂ ಮರುಬಿಡುಗಡೆಯ ಪ್ರತಿಯಲ್ಲೂ ನಿಮಿಷಗಳು ಒಂದೇ ಇರುವುದಿಲ್ಲ.

ಎಷ್ಟು ಹುಡುಕಿದರೂ ದೃಶ್ಯ ಸಿಗದ ಸ್ಟಿಲ್‌ಗಳು ಇದ್ದೇ ಇರುತ್ತವೆ. ಶೂಟಿಂಗ್ ಆಗಿ ಎಡಿಟಿಂಗ್‌ನಲ್ಲಿ ಹೋದ ದೃಶ್ಯದ ಸ್ಟಿಲ್ ಪತ್ರಿಕಾ ಕಚೇರಿ ತಲುಪಿರುತ್ತದೆ, ದೃಶ್ಯ ಮಾತ್ರ ತೆರೆಗೆ ಬಂದಿರುವುದಿಲ್ಲ. ಅಂಥದ್ದರಲ್ಲಿ ಅದೇ ಬಟ್ಟೆ ಚಿತ್ರದ ಬೇರೆ ದೃಶ್ಯದಲ್ಲಿ ಬಂದಿದೆಯೇ ಎಂದು ನೋಡಿ. ಬಂದಿದ್ದರೆ ಕತ್ತರಿಸಿದ ದೃಶ್ಯ ಅದರ ಹಿಂದೆಯೋ ಮುಂದೆಯೋ ಇದ್ದಿರಬೇಕು, ಪಾತ್ರವನ್ನು 'ಬಹುತೇಕ' ಎಂದು ಬರೆಯಬಹುದು. ಬಟ್ಟೆಯೂ ಎಲ್ಲೂ ಬಾರದಿದ್ದರೆ 'ಊಹೆ'ಗಿಂತ ಮೇಲೆ ಏರಿಸಬೇಡಿ.